ಫಲಿತಾಂಶದ ದಿನ ಹೆದರಿ ಮಾರಿದೆ, ಮುಂದಿನ ಸಲ ಏನು ಮಾಡಲಿ?

ಓದುಗರ ಪ್ರಶ್ನೆ: ಸರ್, ನನಗೆ 41 ವರ್ಷ. ದೊಡ್ಡಬಳ್ಳಾಪುರದ ಹತ್ತಿರ ಅಮೆರಿಕಕ್ಕೆ ರಫ್ತು ಮಾಡುವ ಗಾರ್ಮೆಂಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡ್ತೀನಿ. 2018ರಿಂದ ಪ್ರತಿ ತಿಂಗಳು 5ಕ್ಕೆ ನಿಫ್ಟಿ ಇಂಡೆಕ್ಸ್ ಫಂಡ್‌ಗೆ 15,000 ರೂಪಾಯಿ ಎಸ್‌ಐಪಿ ಹೋಗುತ್ತೆ. ಮಗಳ ಕಾಲೇಜಿಗೆ 2035ರಲ್ಲಿ ಹಣ ಬೇಕು, ಉಳಿದದ್ದು ನಿವೃತ್ತಿಗೆ. 2024ರ ಜೂನ್ 4ರಂದು ಲೋಕಸಭೆ ಚುನಾವಣೆಯ ಎಣಿಕೆ ಟಿವಿಯಲ್ಲಿ ನೋಡ್ತಾ ಹೆದರಿ 6 ಲಕ್ಷದ ಯೂನಿಟ್ ಮಾರಿಬಿಟ್ಟೆ. ಸೆಪ್ಟೆಂಬರ್ ಕೊನೆಗೆ ಎಲ್ಲರೂ ಚೆನ್ನಾಗಿದೆ ಅಂದಾಗ ಮತ್ತೆ ಹಾಕಿದೆ. 2025ರಲ್ಲಿ ಟ್ರಂಪ್ ಸುಂಕದ ಸುದ್ದಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಸ್‌ಐಪಿ ನಿಲ್ಲಿಸಿದ್ದೆ. ನಮ್ಮ ಭಾವ ಹೇಳೋದು, ಬಜೆಟ್ಟು ಚುನಾವಣೆಗೆ ಮುಂಚೆ ಮಾರಿ ಆಮೇಲೆ ಕೊಂಡರೆ ಕ್ಷೇಮ ಅಂತ. ಈಗ ಫಂಡ್‌ನಲ್ಲಿ 18 ಲಕ್ಷ, ಪಿಎಫ್‌ನಲ್ಲಿ 7 ಲಕ್ಷ, ಎಫ್‌ಡಿಯಲ್ಲಿ 8 ಲಕ್ಷ ಇದೆ. ಸುದ್ದಿ ಬಂದಾಗ ಏನು ಮಾಡಬೇಕು, ಏನು ಮಾಡಬಾರದು ಹೇಳಿ.

ಉತ್ತರ: ನಿಮ್ಮ ಜೂನ್ 4ನ್ನೇ ಮೊದಲು ಬಿಡಿಸಿ ನೋಡೋಣ. ಆ ವಾರ ದಿನದಿನಕ್ಕೆ ಏನಾಯ್ತು ಅಂತ ಗೊತ್ತಾದರೆ ಅರ್ಧ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ.

ಶನಿವಾರ ಸಂಜೆ ಮತಗಟ್ಟೆ ಸಮೀಕ್ಷೆಗಳು ಬಂದವು. ಆಳುವ ಪಕ್ಷಕ್ಕೆ ಭಾರಿ ಬಹುಮತ ಅಂತ ಹೇಳಿದವು. ಸೋಮವಾರ, ಜೂನ್ 3ಕ್ಕೆ, ನಿಫ್ಟಿ ಒಂದೇ ದಿನ ಶೇ 3ಕ್ಕಿಂತ ಜಾಸ್ತಿ ಏರಿ 23,264ಕ್ಕೆ ನಿಂತಿತು. ಅಂದರೆ ಇನ್ನೂ ಎಣಿಕೆಯೇ ಆಗದ ಗೆಲುವಿನ ಬೆಲೆ ಆಗಲೇ ಕಟ್ಟಿಯಾಗಿತ್ತು. ಮಂಗಳವಾರ ಎಣಿಕೆಯಲ್ಲಿ ಅಷ್ಟು ಸೀಟು ಬರಲಿಲ್ಲ. ನಿಫ್ಟಿ ಶೇ 5.9 ಇಳಿದು 21,884ಕ್ಕೆ ಬಂತು. ಸರ್ಕಾರ ಬಿದ್ದಿರಲಿಲ್ಲ, ಕಂಪನಿಗಳ ವ್ಯಾಪಾರ ನಿಂತಿರಲಿಲ್ಲ. ಪೇಟೆ ಅಂದುಕೊಂಡದ್ದಕ್ಕೂ ಆದದ್ದಕ್ಕೂ ವ್ಯತ್ಯಾಸ ಬಂತು, ಅಷ್ಟೇ. ಬುಧವಾರ 22,620. ಗುರುವಾರ 22,821. ಶುಕ್ರವಾರ ಜೂನ್ 7ಕ್ಕೆ 23,290. ಸೋಮವಾರ ಎಲ್ಲಿತ್ತೋ ಅದಕ್ಕಿಂತ ಸ್ವಲ್ಪ ಮೇಲೆಯೇ.

ಈಗ ನಿಮ್ಮ ಹಣ ಆ ವಾರ ಹೇಗೆ ಓಡಾಡಿತು ನೋಡಿ. ಇದನ್ನು ಟಿವಿಯಲ್ಲಿ ಯಾರೂ ಹೇಳುವುದಿಲ್ಲ.

ಮ್ಯೂಚುವಲ್ ಫಂಡ್ ಮಾರುವಾಗ ನೀವು ಬಟನ್ ಒತ್ತಿದ ಹೊತ್ತಿನ ಬೆಲೆ ಸಿಗುವುದಿಲ್ಲ. ಯೂನಿಟ್‌ನ ದಿನದ ಬೆಲೆಗೆ ಎನ್‌ಎವಿ ಅನ್ನುತ್ತಾರೆ. ಮಧ್ಯಾಹ್ನ 3 ಗಂಟೆಯೊಳಗೆ ಕೋರಿಕೆ ಹೋದರೆ ಆ ದಿನದ ಕೊನೆಯ ಎನ್‌ಎವಿ, 3ರ ನಂತರ ಹೋದರೆ ಮರುದಿನದ ಎನ್‌ಎವಿ. ನೀವು 11 ಗಂಟೆಗೆ ಹೆದರಿ ಮಾರಿದ್ದರೂ ನಿಮಗೆ ಸಿಕ್ಕಿದ್ದು ಸಂಜೆಯ ಬೆಲೆಯೇ. ಹಣ ಬ್ಯಾಂಕಿಗೆ ಬರಲು ಈಕ್ವಿಟಿ ಫಂಡ್‌ಗಳಲ್ಲಿ ಇನ್ನೂ ಎರಡು ಕೆಲಸದ ದಿನ ಬೇಕು. ಮಂಗಳವಾರ ಮಾರಿದ ಹಣ ಗುರುವಾರ ಬಂತು. ಅದೇ ಗಳಿಗೆಗೆ ಮನಸ್ಸು ಬದಲಾಯಿಸಿ ವಾಪಸ್ ಹಾಕಿದ್ದರೂ, 3 ಗಂಟೆಯೊಳಗೆ ಹಣ ಫಂಡ್ ಕಂಪನಿಯ ಖಾತೆ ತಲುಪಿದ್ದರೆ ಗುರುವಾರದ ಬೆಲೆ, ಇಲ್ಲವಾದರೆ ಶುಕ್ರವಾರದ ಬೆಲೆ. 21,884ಕ್ಕೆ ಮಾರಿ 23,290ಕ್ಕೆ ಕೊಳ್ಳುವುದು ಅಂದರೆ ಶೇ 6ಕ್ಕಿಂತ ಜಾಸ್ತಿ ಕೊಟ್ಟು ನಿಮ್ಮದೇ ಯೂನಿಟ್ ವಾಪಸ್ ತಂದ ಹಾಗೆ. ಇಷ್ಟು ಚುರುಕಾಗಿ ನಡೆದುಕೊಂಡವರ ಪಾಡೇ ಇದು.

ನೀವು ಸೆಪ್ಟೆಂಬರ್ ಕೊನೆವರೆಗೆ ಕಾದಿರಿ. ಆಗ ನಿಫ್ಟಿ ಸುಮಾರು 26,000ದಲ್ಲಿತ್ತು. ಜೂನ್ 4ರಂದು 100 ಯೂನಿಟ್ ಮಾರಿದ್ದರೆ ಆ ಹಣಕ್ಕೆ ಸೆಪ್ಟೆಂಬರ್‌ನಲ್ಲಿ ಸಿಕ್ಕಿದ್ದು 84 ಯೂನಿಟ್. ಉಳಿದ 16 ಯೂನಿಟ್ ಇನ್ನು ಮಗಳ ಕಾಲೇಜಿನವರೆಗೂ ಇಲ್ಲ. ನಷ್ಟವನ್ನು ರೂಪಾಯಿಯಲ್ಲಿ ಎಣಿಸುವ ಬದಲು ಹೀಗೆ ಯೂನಿಟ್‌ನಲ್ಲಿ ಎಣಿಸಿ ಅಂತ ನನ್ನ ಹತ್ತಿರ ಬರುವವರಿಗೆಲ್ಲ ಹೇಳ್ತೀನಿ. ಸ್ಟೇಟ್‌ಮೆಂಟ್ ತೆಗೆದು ಜೂನ್ 3ರಂದು ಎಷ್ಟು ಯೂನಿಟ್ ಇತ್ತು, ಅಕ್ಟೋಬರ್ 1ಕ್ಕೆ ಎಷ್ಟಿತ್ತು ನೋಡಿ. ನಾಲ್ಕು ತಿಂಗಳ ಎಸ್‌ಐಪಿ ಹೋದ ಮೇಲೂ ಸಂಖ್ಯೆ ಕಡಿಮೆಯಾಗಿರುತ್ತದೆ.

ಇದರ ಮೇಲೆ ತೆರಿಗೆ. ಮಾರುವಾಗ ಮೊದಲು ಕೊಂಡ ಯೂನಿಟ್ ಮೊದಲು ಹೋಯಿತು ಅಂತ ಲೆಕ್ಕ. ನಿಮ್ಮ ವಿಷಯದಲ್ಲಿ ಹೋದದ್ದು 2018, 2019ರ ಹಳೆಯ ಯೂನಿಟ್‌ಗಳು. ಅವುಗಳಲ್ಲೇ ಲಾಭ ಜಾಸ್ತಿ. 6 ಲಕ್ಷದಲ್ಲಿ ಲಾಭ 2.75 ಲಕ್ಷ ಅಂತಿಟ್ಟುಕೊಳ್ಳಿ. ಆ ವರ್ಷದ ವಿನಾಯಿತಿ 1.25 ಲಕ್ಷ ಕಳೆದು ಉಳಿದ 1.5 ಲಕ್ಷಕ್ಕೆ ಆಗಿನ ಶೇ 10ರ ದರ, ಮೇಲೆ ಸೆಸ್. ಒಟ್ಟು 15,600 ರೂಪಾಯಿ. ಒಂದು ತಿಂಗಳ ಎಸ್‌ಐಪಿಗಿಂತ ಸ್ವಲ್ಪ ಜಾಸ್ತಿಯೇ. ಸೆಪ್ಟೆಂಬರ್‌ನಲ್ಲಿ ಕೊಂಡ ಯೂನಿಟ್‌ಗಳಿಗೆ ದೀರ್ಘಾವಧಿ ಲಾಭದ ತೆರಿಗೆಗೆ ಬೇಕಾದ ಒಂದು ವರ್ಷದ ಲೆಕ್ಕವೂ ಹೊಸದಾಗಿ ಶುರುವಾಯಿತು.

ಇನ್ನು ಭಾವನವರ ಮಾತು. ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ, ಕೇಳಲು ನ್ಯಾಯವಾಗಿಯೂ ಇದೆ. ಮಳೆ ಬರುವ ಹಾಗಿದ್ದರೆ ಕಣದಲ್ಲಿರುವ ರಾಗಿಗೆ ಟಾರ್ಪಾಲು ಹೊದಿಸುತ್ತೇವಲ್ಲ, ಹಾಗೆ. ಆದರೆ ಇಲ್ಲಿ ಒಂದು ತೊಡಕಿದೆ. ಬಜೆಟ್ಟಿನ ದಿನಾಂಕ, ಎಣಿಕೆಯ ದಿನಾಂಕ ನಿಮಗೆ ಗೊತ್ತಿರುವಷ್ಟೇ ಇಡೀ ಪೇಟೆಗೂ ಗೊತ್ತು. ಗೊತ್ತಿರುವ ಭಯ, ಗೊತ್ತಿರುವ ಆಸೆ ಎರಡೂ ಬೆಲೆಯೊಳಗೆ ಮೊದಲೇ ಸೇರಿಕೊಂಡಿರುತ್ತವೆ. ಆ ದಿನ ಬೆಲೆ ಅಲುಗಾಡುವುದು ಯಾರೂ ನಿರೀಕ್ಷಿಸದ ಭಾಗಕ್ಕೆ ಮಾತ್ರ. ಅದು ಯಾವ ಕಡೆಗೆ ಬೀಳುತ್ತದೆ ಅಂತ ಮುಂಚೆ ಹೇಳಲು ಆಗುವುದಿಲ್ಲ.

2009ರ ಮೇ ತಿಂಗಳು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಆಗ ನಾನು ಒಂದು ಬ್ರೋಕರ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೆ. ನಿವೃತ್ತ ಮೇಷ್ಟ್ರೊಬ್ಬರು 3 ಲಕ್ಷದ ಚೆಕ್ ಹಿಡಿದು ಬಂದಿದ್ದರು. "ಫಲಿತಾಂಶ ಬರಲಿ ಸರ್, ಆಮೇಲೆ ಹಾಕೋಣ" ಅಂದವನು ನಾನೇ. ಶನಿವಾರ ಮೇ 16ಕ್ಕೆ ಫಲಿತಾಂಶ ಬಂತು. ಸೋಮವಾರ ಬೆಳಿಗ್ಗೆ ಮೇಷ್ಟ್ರು ಚೆಕ್ ಸಮೇತ ನನ್ನ ಮೇಜಿನ ಮುಂದೆ ಕೂತಿದ್ದರು. ಪೇಟೆ ತೆರೆದ ಕೂಡಲೇ ಮೇಲಿನ ಮಿತಿ ಮುಟ್ಟಿ ವಹಿವಾಟು ಎರಡು ಗಂಟೆ ನಿಂತಿತು. ಮತ್ತೆ ತೆರೆಯಿತು, ಮತ್ತೆ ಮಿತಿ ಮುಟ್ಟಿತು, ಆ ದಿನಕ್ಕೆ ಮುಗಿಯಿತು. ಶುಕ್ರವಾರ 12,173ರಲ್ಲಿದ್ದ ಸೆನ್ಸೆಕ್ಸ್ 14,284ಕ್ಕೆ ಹೋಗಿತ್ತು. ಶೇ 17 ಏರಿಕೆ. ಕೊಳ್ಳಲು ಸಂದೇ ಸಿಗಲಿಲ್ಲ. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಚೆಕ್ಕನ್ನು ಮಡಚಿ ಜೇಬಿಗಿಟ್ಟುಕೊಂಡು "ಇನ್ನು ಇಳಿದ ಮೇಲೆ ನೋಡೋಣ" ಅಂತ ಎದ್ದರು. ಆ ಮಡಚಿದ ಚೆಕ್ ನೋಡಿದ ಮೇಲೆ ನಾನು ಯಾರಿಗೂ "ಫಲಿತಾಂಶ ಬರಲಿ" ಅಂತ ಹೇಳಿಲ್ಲ.

ಬಜೆಟ್ಟಿನಲ್ಲೂ ಇದೇ ಕಥೆ. 2021ರ ಫೆಬ್ರವರಿ 1ಕ್ಕೆ ಸೆನ್ಸೆಕ್ಸ್ ಶೇ 5 ಏರಿತು. 2025ರ ಫೆಬ್ರವರಿ 1ಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂತ ಅಷ್ಟು ದೊಡ್ಡ ಘೋಷಣೆ ಆಯಿತು, ಆದರೆ ಸೆನ್ಸೆಕ್ಸ್ ಇದ್ದಲ್ಲೇ ಇತ್ತು. ಭಾವನವರ ದಾರಿಯಲ್ಲಿ ಗೆಲ್ಲಬೇಕಾದರೆ ಎರಡು ಸಲ ಸರಿಯಾಗಿ ಊಹಿಸಬೇಕು. ಹೊರಗೆ ಬರುವ ದಿನ ಒಂದು, ಒಳಗೆ ಹೋಗುವ ದಿನ ಇನ್ನೊಂದು. ಇದರ ಜೊತೆ ಪ್ರತಿ ಸಲ ತೆರಿಗೆ, ಕೆಲವು ಫಂಡ್‌ಗಳಲ್ಲಿ ಒಂದು ವರ್ಷದೊಳಗಿನ ಯೂನಿಟ್‌ಗೆ ಬೇಗ ಮಾರಿದ್ದಕ್ಕೆ ಎಕ್ಸಿಟ್ ಲೋಡ್ ಅನ್ನುವ ಕಡಿತ.

ಒಂದು ಮಾತು ನೇರವಾಗಿ ಹೇಳಬೇಕು. ಎಲ್ಲ ಕುಸಿತವೂ ಮೂರು ದಿನದಲ್ಲಿ ಏಳುವುದಿಲ್ಲ. 2008ರ ಜನವರಿಯಲ್ಲಿ ಸುಮಾರು 21,000ದಲ್ಲಿದ್ದ ಸೆನ್ಸೆಕ್ಸ್ 2009ರ ಮಾರ್ಚ್ ಹೊತ್ತಿಗೆ 8,000ದ ಆಸುಪಾಸಿಗೆ ಬಿತ್ತು. ಹಳೆಯ ಎತ್ತರ ನೋಡಲು 2010ರ ದೀಪಾವಳಿ ಬರಬೇಕಾಯಿತು. 2024ರ ಸೆಪ್ಟೆಂಬರ್‌ನಿಂದ 2025ರ ಮಾರ್ಚ್ ಮೊದಲ ವಾರದವರೆಗೆ ನಿಫ್ಟಿ ಸುಮಾರು ಶೇ 16 ಜಾರಿತು. ಇದು ದಿನಕ್ಕಿಷ್ಟು ಅಂತ ಇಳಿದದ್ದು. ಇಂಥ ದಿನದ ಇಂಥ ಸುದ್ದಿಗೆ ಬಿತ್ತು ಅಂತ ಬೆರಳು ತೋರಿಸಲು ಆಗುವುದಿಲ್ಲ. "ಸುಮ್ನೆ ಇರಿ, ಎಲ್ಲ ಸರಿಹೋಗುತ್ತೆ" ಅಂತ ಮಾತ್ರ ನಾನು ಹೇಳಿದರೆ ಅದು ಅರ್ಧ ಸತ್ಯ. ಸುಮ್ಮನಿರಬೇಕಾದರೆ ಅದಕ್ಕೆ ತಕ್ಕ ಏರ್ಪಾಡು ಮೊದಲೇ ಆಗಿರಬೇಕು.

ಆ ಏರ್ಪಾಡನ್ನು ನಿಮ್ಮ ಹಣದ ಮೇಲೆಯೇ ತೋರಿಸುತ್ತೇನೆ.

ನಿಮ್ಮ 8 ಲಕ್ಷ ಎಫ್‌ಡಿಯಲ್ಲಿ 3 ಲಕ್ಷ ಬೇರೆ ಎತ್ತಿಡಿ. ಅದು ಮನೆಯ ಆಪತ್ತಿನ ಹಣ, ಹೂಡಿಕೆಯ ಲೆಕ್ಕಕ್ಕೆ ಸೇರಿಸಬೇಡಿ. ಉಳಿದದ್ದು ಷೇರಿನ ಫಂಡ್ 18 ಲಕ್ಷ, ಪಿಎಫ್ ಮತ್ತು ಎಫ್‌ಡಿ ಸೇರಿ 12 ಲಕ್ಷ. ಒಟ್ಟು 30 ಲಕ್ಷ. ಷೇರಿನ ಪಾಲು ನೂರಕ್ಕೆ 60. ನಿಮ್ಮ ವಯಸ್ಸಿಗೆ, 2035ರ ಗುರಿಗೆ ಇದು ಒಪ್ಪುವ ಪಾಲೇ. ಇದನ್ನು ಬರೆದಿಡಿ. ಜೊತೆಗೆ ಒಂದು ಗೆರೆಯನ್ನೂ ಬರೆದಿಡಿ: ಷೇರಿನ ಪಾಲು 55ಕ್ಕಿಂತ ಕೆಳಗೆ ಹೋದರೆ ಅಥವಾ 65 ದಾಟಿದರೆ ಮಾತ್ರ ಕೈ ಹಾಕುವುದು. ಅದರ ನಡುವೆ ಏನೇ ಆದರೂ ಬಿಡುವುದು.

ಈಗ ಜೂನ್ 4ರಂಥ ದಿನ ಮತ್ತೆ ಬಂತು ಅಂದುಕೊಳ್ಳಿ. ಶೇ 5.9 ಇಳಿತ. 18 ಲಕ್ಷ 16.94 ಲಕ್ಷ ಆಗುತ್ತದೆ. 12 ಲಕ್ಷ ಹಾಗೇ ಇದೆ. ಒಟ್ಟು 28.94 ಲಕ್ಷದಲ್ಲಿ ಷೇರಿನ ಪಾಲು ಎಷ್ಟು? ನೂರಕ್ಕೆ 58.5. ದೇಶವೆಲ್ಲ ಟಿವಿ ಮುಂದೆ ಕೂತು ಹೆದರಿದ ದಿನ ನಿಮ್ಮ ಮನೆಯ ಲೆಕ್ಕದಲ್ಲಿ ಪಾಲು ಅಲುಗಾಡುವುದು ಬರೀ ಒಂದೂವರೆ. ಗೆರೆಯ ಹತ್ತಿರಕ್ಕೂ ಬರುವುದಿಲ್ಲ. 55ರ ಗೆರೆ ಮುಟ್ಟಬೇಕಾದರೆ ಷೇರು ಸುಮಾರು ಶೇ 18.5 ಬೀಳಬೇಕು. 2024-25ರ ಆ ಆರು ತಿಂಗಳ ಇಡೀ ಜಾರುವಿಕೆಯೂ ಅದನ್ನು ಮುಟ್ಟುತ್ತಿರಲಿಲ್ಲ.

2020ರ ಮಾರ್ಚ್ ಬೇರೆ. ಜನವರಿಯ ಎತ್ತರದಿಂದ ಮಾರ್ಚ್ 23ಕ್ಕೆ ನಿಫ್ಟಿ ಸುಮಾರು ಶೇ 38 ಬಿದ್ದಿತ್ತು. ಅಂಥದ್ದು ಬಂದರೆ ನಿಮ್ಮ 18 ಲಕ್ಷ 11.16 ಲಕ್ಷಕ್ಕೆ ಬರುತ್ತದೆ. ಪಾಲು 48ಕ್ಕೆ ಇಳಿಯುತ್ತದೆ. ಆಗ ಗೆರೆ ಹೇಳುವುದು ಮಾರು ಅಂತ ಅಲ್ಲ. ಎಫ್‌ಡಿಯಿಂದ ಸುಮಾರು 2.75 ಲಕ್ಷ ತೆಗೆದು ಫಂಡ್‌ಗೆ ಹಾಕಿ ಪಾಲನ್ನು ಮತ್ತೆ 60ಕ್ಕೆ ತಾ ಅಂತ. ಇಲ್ಲಿ ಒಂದು ಎಚ್ಚರಿಕೆ ಇದೆ. ಪಿಎಫ್ ಹಣ ಪಾಲಿನ ಲೆಕ್ಕಕ್ಕೆ ಬರುತ್ತದೆ, ಬೇಕೆಂದಾಗ ಕೈಗೆ ಬರುವುದಿಲ್ಲ. ಓಡಾಡುವ ಹಣ ನಿಮ್ಮ ಎಫ್‌ಡಿಯ 5 ಲಕ್ಷ ಮಾತ್ರ. ಒಂದೇ ಏಟಿಗೆ ಹಾಕದೆ ಮೂರು ತಿಂಗಳಲ್ಲಿ ಮೂರು ಕಂತು ಮಾಡಿ. ಹಾಕಿದ ಮೇಲೂ ಬೆಲೆ ಇಳಿಯಬಹುದು. 2008ರಲ್ಲಿ ಹೀಗೆ ಮಾಡಿದವರು ತಿಂಗಳುಗಟ್ಟಲೆ ನಷ್ಟ ನೋಡಿದರು. ಈ ದಾರಿಯ ಅಪಾಯ ಅದೇ. ನಿಮ್ಮ ಗುರಿ ಇನ್ನೂ ದೂರ ಇರುವುದರಿಂದ ಆ ಅಪಾಯ ಹೊರಬಹುದು. ಎರಡು ವರ್ಷದಲ್ಲಿ ಹಣ ಬೇಕಾದವರು ಹೊರಬಾರದು.

ಪಾಲು ನೋಡುವುದನ್ನು ವರ್ಷಕ್ಕೆ ಎರಡು ಸಲಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಫೆಬ್ರವರಿ ಬೇಡ, ಬಜೆಟ್ಟಿನ ಗದ್ದಲ ಇರುತ್ತದೆ. ಯುಗಾದಿ ಮುಗಿದ ವಾರ ಒಂದು, ದಸರಾ ಮುಗಿದ ವಾರ ಇನ್ನೊಂದು ಇರಲಿ. ನಡುವೆ ನೋಡಲು ಒಂದೇ ಒಂದು ಕಾರಣ: ನಿಫ್ಟಿ ತನ್ನ ಎತ್ತರದಿಂದ ಶೇ 18 ಇಳಿದಿದೆ ಅಂತ ಗೊತ್ತಾದರೆ.

ಇಲ್ಲೊಂದು ಚಿಕ್ಕ ಅಭ್ಯಾಸವೂ ಆಗಬೇಕು. ಸುದ್ದಿಯಲ್ಲಿ ಪಾಯಿಂಟ್ ಕೇಳಿದರೆ ಅದನ್ನು ಶೇಕಡಾಕ್ಕೆ ತಿರುಗಿಸಿ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 3,935 ಪಾಯಿಂಟ್ ಬಿತ್ತು, ಅದು ಶೇ 13. ಜೂನ್ 4ರಂದು 4,390 ಪಾಯಿಂಟ್ ಬಿತ್ತು, ಅದು ಶೇ 6ರೊಳಗೆ. ಪಾಯಿಂಟ್ ನೋಡಿದರೆ ಎರಡನೆಯದೇ ದೊಡ್ಡದು ಅನ್ನಿಸುತ್ತದೆ, ಅಲ್ವಾ? ಸೂಚ್ಯಂಕ ಬೆಳೆದಂತೆ ಪಾಯಿಂಟ್ ದೊಡ್ಡದಾಗುತ್ತಲೇ ಹೋಗುತ್ತದೆ. ತಲೆಬರಹವೂ ಅದರ ಜೊತೆಗೇ ಬೆಳೆಯುತ್ತದೆ.

ನೀವು ನಿಲ್ಲಿಸಿದ ಎಸ್‌ಐಪಿಯ ವಿಷಯ. 2025ರ ಏಪ್ರಿಲ್ 5 ಶನಿವಾರ. ರಜೆ ಬಂದರೆ ಕಂತು ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಅಂದರೆ ಸೋಮವಾರ, ಏಪ್ರಿಲ್ 7. ಸುಂಕದ ಭಯಕ್ಕೆ ನಿಫ್ಟಿ 22,161ಕ್ಕೆ ಬಂದ ದಿನ ಅದೇ. ನಿಮ್ಮ ಕಂತು ಓಡುತ್ತಿದ್ದರೆ ಆ ಭಯದ ಬೆಲೆಗೆ ತಾನಾಗಿಯೇ ಯೂನಿಟ್ ಬಂದಿರುತ್ತಿದ್ದವು. ಜೂನ್ 5ರ ಕಂತಿನ ದಿನ ನಿಫ್ಟಿ 24,750ರಲ್ಲಿತ್ತು. ಅದೇ 15,000ಕ್ಕೆ ಏಪ್ರಿಲ್‌ನಲ್ಲಿ ಶೇ 11ಕ್ಕಿಂತ ಜಾಸ್ತಿ ಯೂನಿಟ್ ಸಿಗುತ್ತಿತ್ತು. ಆ ಏಪ್ರಿಲ್ 7ರಂದು ಹಳೆಯ ಯೂನಿಟ್ ಮಾರಿದವರ ಹಣ 9ಕ್ಕೆ ಬಂತು. ಅದೇ ರಾತ್ರಿ ಅಮೆರಿಕ ಹೆಚ್ಚಿನ ದೇಶಗಳ ಮೇಲಿನ ಹೊಸ ಸುಂಕವನ್ನು 90 ದಿನ ಮುಂದೂಡಿತು. 10ಕ್ಕೆ ನಮ್ಮಲ್ಲಿ ಮಹಾವೀರ ಜಯಂತಿ ರಜೆ. 11ಕ್ಕೆ ಪೇಟೆ ತೆರೆದಾಗ ಬೆಲೆ ಮೇಲಿತ್ತು. 15ರ ಹೊತ್ತಿಗೆ ನಿಫ್ಟಿ ಸುಂಕ ಘೋಷಣೆಗೆ ಮುಂಚಿನ ಮಟ್ಟಕ್ಕೇ ಬಂದಿತ್ತು.

ಆದರೂ ಸುಂಕದ ಸುದ್ದಿಯನ್ನು ನೀವು ಕಡೆಗಣಿಸಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ವಿಷಯದಲ್ಲಿ ಅದು ಬಹಳ ಮುಖ್ಯ. ಅದು ಬರುವ ಬಾಗಿಲು ಬೇರೆ, ಅಷ್ಟೇ. ನಿಫ್ಟಿಯ 50 ಕಂಪನಿಗಳಲ್ಲಿ ಬ್ಯಾಂಕು, ಎಣ್ಣೆ, ಐಟಿ, ಕಾರು, ಸಿಗರೇಟು ಎಲ್ಲ ಇವೆ. ಒಂದಕ್ಕೆ ಪೆಟ್ಟು ಬಿದ್ದರೆ ಇನ್ನೊಂದು ತಾಳುತ್ತದೆ. ನಿಮ್ಮ ಸಂಬಳ ಹಾಗಲ್ಲ. ಅದು ಒಂದೇ ಕಂಪನಿಯದು, ಆ ಕಂಪನಿಯ ಗಿರಾಕಿ ಒಂದೇ ದೇಶದವರು. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿನ ಮೇಲೆ ಶೇ 50 ಸುಂಕ ಹಾಕಿದಾಗ ಗಾರ್ಮೆಂಟ್ಸ್‌ನವರಿಗೆ ಆದ ಸಂಕಟ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ಅಕೌಂಟ್ಸ್‌ನಲ್ಲಿದ್ದೀರಿ. ಆರ್ಡರ್ ಕಡಿಮೆಯಾದರೆ, ಗಿರಾಕಿಯ ಹಣ ತಡವಾದರೆ, ಓವರ್‌ಟೈಮ್ ನಿಂತರೆ ಮೊದಲು ಗೊತ್ತಾಗುವುದು ನಿಮಗೇ. ನೀವು ನಿಜವಾಗಿ ಗಮನ ಕೊಡಬೇಕಾದ ಸುದ್ದಿ ಅದು.

ಅದಕ್ಕೆ ಉತ್ತರ ಫಂಡ್ ಮಾರುವುದಲ್ಲ, ಆಪತ್ತಿನ ಹಣ ದೊಡ್ಡದು ಮಾಡುವುದು. ಮನೆ ಖರ್ಚು ತಿಂಗಳಿಗೆ 45,000 ಅಂತಿಟ್ಟರೆ ಈಗಿನ 3 ಲಕ್ಷ ಆರೂವರೆ ತಿಂಗಳಿಗೆ ಬರುತ್ತದೆ. ಸಂಬಳ ಒಂದೇ ದೇಶದ ಗಿರಾಕಿಗಳನ್ನು ನಂಬಿರುವಾಗ ಅದು ಸಾಲದು. ಮುಂದಿನ ಬೋನಸ್ ಪೂರ್ತಿ ಇಲ್ಲಿಗೇ ಹಾಕಿ, 4.5 ಲಕ್ಷ ಮಾಡಿ. ಹತ್ತು ತಿಂಗಳಾಗುತ್ತದೆ. ಕೆಲಸ ನಿಜವಾಗಿ ಅಲುಗಾಡಿದರೆ ಎಸ್‌ಐಪಿಯನ್ನು 15,000ದಿಂದ 5,000ಕ್ಕೆ ಇಳಿಸಿ, ಸಂಕೋಚ ಬೇಡ. ಅದು ಸುದ್ದಿಗೆ ಹೆದರಿ ಮಾಡಿದ್ದಲ್ಲ, ಮನೆಯ ಸ್ಥಿತಿ ನೋಡಿ ಮಾಡಿದ್ದು. ಈ ಎರಡರ ನಡುವಿನ ವ್ಯತ್ಯಾಸ ನಿಮಗೆ ಗೊತ್ತಿರಬೇಕು ಅಂತಲೇ ಇಷ್ಟು ಬಿಡಿಸಿ ಹೇಳಿದೆ. ಕೆಲಸ ಹೋದ ದಿನವೇ ಪೇಟೆಯೂ ಬಿದ್ದಿರುವುದು ಹೊಸದೇನಲ್ಲ. ಎರಡಕ್ಕೂ ಕಾರಣ ಒಂದೇ ಇರುತ್ತದೆ. ಕೈಯಲ್ಲಿ ಹಣ ಇಲ್ಲದವರು ಆಗ ಕೆಟ್ಟ ಬೆಲೆಗೆ ಯೂನಿಟ್ ಮಾರಬೇಕಾಗುತ್ತದೆ.

ಬಜೆಟ್ಟಿನಲ್ಲಿ ಬೆಲೆಯ ಸುದ್ದಿ ಬಿಟ್ಟು ನಿಯಮದ ಸುದ್ದಿಯನ್ನು ಮಾತ್ರ ಓದಿ. ಅದನ್ನೂ ಆ ದಿನವೇ ಅಲ್ಲ, ಎರಡು ವಾರ ಬಿಟ್ಟು. ಬಜೆಟ್ ಭಾಷಣದ ಸಾಲಿಗೂ ಕೊನೆಗೆ ಕಾನೂನಾಗುವ ಸಾಲಿಗೂ ವ್ಯತ್ಯಾಸ ಬರಬಹುದು. 2024ರ ಜುಲೈ 23ರಂದು ಷೇರಿನ ದೀರ್ಘಾವಧಿ ಲಾಭದ ತೆರಿಗೆಯನ್ನು ಶೇ 10ರಿಂದ 12.5ಕ್ಕೆ ಏರಿಸಿದರು. ಅವತ್ತು ಸೆನ್ಸೆಕ್ಸ್ ನಡುವೆ ಸಾವಿರಕ್ಕೂ ಹೆಚ್ಚು ಪಾಯಿಂಟ್ ಬಿದ್ದು, ಸಂಜೆಗೆ ಬರೀ 73 ಪಾಯಿಂಟ್ ಕಡಿಮೆಯಲ್ಲಿ ಮುಗಿಯಿತು. ನನ್ನ ಫೋನು ಮಾತ್ರ ರಾತ್ರಿವರೆಗೂ ನಿಲ್ಲಲಿಲ್ಲ. ಎಲ್ಲರಿಗೂ ಒಂದೇ ಲೆಕ್ಕ ಮಾಡಿ ತೋರಿಸಿದೆ.

ಅದೇ ಘೋಷಣೆಯಲ್ಲಿ ವರ್ಷದ ವಿನಾಯಿತಿ 1 ಲಕ್ಷದಿಂದ 1.25 ಲಕ್ಷ ಆಗಿತ್ತು. ಒಂದು ವರ್ಷದಲ್ಲಿ 2 ಲಕ್ಷ ಲಾಭ ತೆಗೆದವರಿಗೆ ಹಳೆಯ ತೆರಿಗೆ 10,000. ಹೊಸದು 75,000ದ ಮೇಲೆ ಶೇ 12.5, ಅಂದರೆ 9,375. ಕಡಿಮೆಯೇ ಆಯಿತು! ವರ್ಷಕ್ಕೆ 2.25 ಲಕ್ಷದವರೆಗೆ ಲಾಭ ತೆಗೆಯುವವರಿಗೆ ಹೊಸ ನಿಯಮದಿಂದ ಹೊರೆ ಇಲ್ಲ. ದೊಡ್ಡ ಮೊತ್ತವನ್ನೂ ನೋಡಿ. 2035ರಲ್ಲಿ ಒಂದೇ ಸಲ 40 ಲಕ್ಷ ತೆಗೆದಿರಿ, ಅದರಲ್ಲಿ ಲಾಭ 20 ಲಕ್ಷ ಅನ್ನಿ. ಸೆಸ್ ಬಿಟ್ಟು ಹಳೆಯ ತೆರಿಗೆ 1.9 ಲಕ್ಷ, ಹೊಸದು ಸುಮಾರು 2.34 ಲಕ್ಷ. ವ್ಯತ್ಯಾಸ 44,000. 40 ಲಕ್ಷದಲ್ಲಿ ನೂರಕ್ಕೆ ಒಂದು ರೂಪಾಯಿ ಚಿಲ್ಲರೆ. ಇಷ್ಟಕ್ಕೆ ಹತ್ತು ವರ್ಷದ ಯೋಜನೆ ಬದಲಾಯಿಸಬೇಕಾ? ಬೇಕಿಲ್ಲ. ಮಾಡಬೇಕಾದ್ದು ಒಂದು ಸಣ್ಣ ಕೆಲಸ: ತೆಗೆಯುವುದನ್ನು ಒಂದೇ ವರ್ಷದಲ್ಲಿ ಮಾಡದೆ ಮೂರು ನಾಲ್ಕು ಹಣಕಾಸು ವರ್ಷಗಳಿಗೆ ಹಂಚಿದರೆ ಪ್ರತಿ ವರ್ಷವೂ 1.25 ಲಕ್ಷದ ವಿನಾಯಿತಿ ಸಿಗುತ್ತದೆ.

ನಿಯಮ ಬದಲಾದದ್ದಕ್ಕೆ ಹಣ ಹಾಕುವ ಫಂಡನ್ನೇ ನಿಜವಾಗಿ ಬದಲಾಯಿಸಬೇಕಾಗುವುದೂ ಇದೆ. ನೀವು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದರೆ 80ಸಿ ವಿನಾಯಿತಿ ಇಲ್ಲ. ಹಾಗಿರುವಾಗ ಮೂರು ವರ್ಷ ಬೀಗ ಹಾಕುವ ತೆರಿಗೆ ಉಳಿತಾಯದ ಫಂಡ್‌ಗೆ ಹೊಸ ಕಂತು ಹಾಕುವುದರಲ್ಲಿ ಅರ್ಥವಿಲ್ಲ. ಕಂತನ್ನು ಸಾಮಾನ್ಯ ಫಂಡ್‌ಗೆ ತಿರುಗಿಸಬಹುದು. ಇನ್ನೊಂದು ತಪ್ಪು ತಿಳಿವಳಿಕೆ ಜನರಲ್ಲಿ ಬಹಳ ಇದೆ. 12 ಲಕ್ಷದವರೆಗೆ ತೆರಿಗೆ ಇಲ್ಲ ಅನ್ನುವ ರಿಯಾಯಿತಿ ಷೇರು ಫಂಡ್ ಮಾರಿದ ಲಾಭಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಅದರದೇ ದರ. ಇದನ್ನು ನಂಬಿ ಮಾರಲು ಹೋಗಬೇಡಿ.

ಇಷ್ಟೆಲ್ಲ ಓದಿದ ಮೇಲೂ ಮುಂದಿನ ಕುಸಿತದಲ್ಲಿ ನಿಮ್ಮ ಕೈ ನಿಲ್ಲಲಿಕ್ಕಿಲ್ಲ ಅನ್ನಿಸಿದರೆ ಅದನ್ನು ಬಲಹೀನತೆ ಅಂದುಕೊಳ್ಳಬೇಡಿ. ಅದೊಂದು ಮಾಹಿತಿ. 60ರ ಪಾಲು ನಿಮ್ಮ ಮನಸ್ಸಿಗೆ ಭಾರವಾಗಿದೆ ಅಂತ ಅರ್ಥ. ಪೇಟೆ ಶಾಂತವಾಗಿರುವ ಒಂದು ವಾರ ಕೂತು ಅದನ್ನು 45ಕ್ಕೆ ಇಳಿಸಿ, ಅದನ್ನೇ ನಿಮ್ಮ ಯೋಜನೆ ಮಾಡಿಕೊಳ್ಳಿ. ಬೆಳವಣಿಗೆ ಕಡಿಮೆಯಾಗುತ್ತದೆ, ಗುರಿ ಮುಟ್ಟಲು ತಿಂಗಳ ಉಳಿತಾಯ ಜಾಸ್ತಿ ಬೇಕಾಗುತ್ತದೆ. ಆದರೆ 45ರ ಪಾಲು ಹಿಡಿದು ಹತ್ತು ವರ್ಷ ಕೂತವರು, 60 ಇಟ್ಟುಕೊಂಡು ಕುಸಿತ ಬಂದಾಗಲೆಲ್ಲ ಮಾರಿದವರಿಗಿಂತ ಮುಂದೆ ಹೋದದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅಂಥ ದಿನದ ಆತುರಕ್ಕೆ ಒಂದು ಚಿಕ್ಕ ತಡೆಯೂ ಇರಲಿ: ಮನೆಯವರಿಗೆ ಹೇಳಿ, ಎರಡು ರಾತ್ರಿ ಕಳೆಯದೆ ಯಾವ ಯೂನಿಟ್ಟನ್ನೂ ಮಾರುವುದಿಲ್ಲ ಅಂತ ಮಾತು ಕೊಡಿ. ನಿಮ್ಮ ಜೂನ್ 4ರಂದು ಈ ಒಂದು ಮಾತಿದ್ದಿದ್ದರೆ ಗುರುವಾರ ಮಾರಲು ಕಾರಣವೇ ಉಳಿಯುತ್ತಿರಲಿಲ್ಲ.

ಮಾರುವ ದಿನವೂ ಒಂದು ಬೇಕು, ಅದನ್ನು ಈಗಲೇ ಬರೆದುಬಿಡಿ. ಮಗಳ ಕಾಲೇಜಿಗೆ 2035ರಲ್ಲಿ ಬೇಕಾಗುವ ಹಣವನ್ನು ಕೊನೆಯ ವರ್ಷದವರೆಗೆ ಷೇರಿನಲ್ಲಿ ಬಿಡಬಾರದು. 2031, 2032, 2033ರ ಏಪ್ರಿಲ್‌ನಲ್ಲಿ ಮೂರರಲ್ಲಿ ಒಂದೊಂದು ಪಾಲು ತೆಗೆದು ಎಫ್‌ಡಿಗೆ ಹಾಕಿ. ಆ ತಿಂಗಳು ಪೇಟೆ ಮೇಲಿರಲಿ ಕೆಳಗಿರಲಿ, ಹಾಕಿ. ಮೂರು ಹಣಕಾಸು ವರ್ಷಗಳ ವಿನಾಯಿತಿಯೂ ಸಿಗುತ್ತದೆ. ಲೋಕಸಭೆ ಚುನಾವಣೆ ಐದು ವರ್ಷದ ಲೆಕ್ಕದಲ್ಲೇ ನಡೆದರೆ 2034ರ ಬೇಸಿಗೆಯಲ್ಲಿ ಮತ್ತೊಂದು ಎಣಿಕೆಯ ದಿನ ಬರುತ್ತದೆ. ಅಷ್ಟರಲ್ಲಿ ಮಗಳ ಫೀಸಿನ ಹಣ ಎಫ್‌ಡಿಗೆ ಬಂದು ಒಂದು ವರ್ಷ ಆಗಿರುತ್ತದೆ.